ಬಾಯಿ ಬಿಗಿಹಿಡಿದಾಗ: ಡಿಮೆನ್ಷಿಯಾದಲ್ಲಿ ಹಲ್ಲುಜ್ಜಿಸುವ ಬಗೆ ಬದಲಾದದ್ದು ಹೀಗೆ

ನುಂಗುವ ಶಕ್ತಿ ಕುಂದಿದವರ ಬಾಯಿಯ ರೋಗಾಣುಗಳು ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯಬಲ್ಲವು. ಜಪಾನಿನ ಯೊನೆಯಾಮಾ ಮತ್ತು ಸಂಗಡಿಗರು 11 ವೃದ್ಧಾಶ್ರಮಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪುರಾವೆ ಒದಗಿಸಿತು. ಊಟದ ನಂತರ ಹಲ್ಲುಜ್ಜಿಸಿದ ಗುಂಪಿನಲ್ಲಿ ಎರಡು ವರ್ಷಗಳಲ್ಲಿ ನ್ಯುಮೋನಿಯಾ ಕಂಡದ್ದು ಶೇ. 11 ಮಂದಿಗೆ, ಉಳಿದವರಲ್ಲಿ ಶೇ. 19. ಉಜ್ಜಿಸಬೇಕು ಎಂಬುದೇನೋ ಸ್ಪಷ್ಟವಾಯಿತು. ಆದರೆ ಡಿಮೆನ್ಷಿಯಾದಿಂದಾಗಿ ಬಾಯಿಯನ್ನೇ ತೆರೆಯದವರಿಗೆ ಉಜ್ಜಿಸುವುದು ಹೇಗೆ?

ಈ ನಿರಾಕರಣೆಯನ್ನು ಹಠವೆಂದು ಎಣಿಸುವುದಿತ್ತು. ಅಮೆರಿಕದ ಶುಶ್ರೂಷಾ ಕ್ಷೇತ್ರದ ಸಂಶೋಧಕಿ ರೀಟಾ ಜಬ್ಲಾನ್ಸ್ಕಿ 2011ರ ಹೊತ್ತಿಗೆ ಅದನ್ನು ಭಯವೆಂದು ಓದಿದರು. ಬ್ರಷ್ ಏನೆಂದೇ ಗುರುತಾಗದವರಿಗೆ ಮುಖದತ್ತ ಬರುವ ಕೈ ಹಲ್ಲೆಯಂತೆ ಕಾಣುತ್ತದೆ. ಹಾಗಾಗಿ ಜಬ್ಲಾನ್ಸ್ಕಿ ಅವರ ವಿಧಾನ ಮೊದಲು ಭಯವನ್ನು ಇಳಿಸುತ್ತದೆ, ಆಮೇಲೆ ಬ್ರಷ್ ಹಿಡಿಯುತ್ತದೆ.

ಮನೆಯಲ್ಲಿ ಬ್ರಷ್ ಕಂಡೊಡನೆ ಮುಖ ತಿರುಗಿಸುವ ತಾಯಿ ಇದ್ದಾರೆಂದುಕೊಳ್ಳಿ. ಅವರನ್ನು ಬೆಳಕಿರುವ ಕಡೆ ನೆಟ್ಟಗೆ ಕೂರಿಸಿ, ಟಿವಿ ಆರಿಸಿ, ಮಗಳು ಅವರ ಕಣ್ಣಿನ ಮಟ್ಟಕ್ಕೆ ಕೂರಬೇಕು. ‘ಅಮ್ಮಾ, ಹಲ್ಲುಜ್ಜೋಣ’ ಎಂದಷ್ಟೇ ಹೇಳಿ, ತಾನು ಉಜ್ಜುವಂತೆ ಅಭಿನಯಿಸಿ ತೋರಿಸಬೇಕು. ಮೃದು ಬ್ರಷ್ಷಿಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ಅಮ್ಮನ ಕೈಗೇ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟು ಶುರು ಮಾಡಿಸಿದರೆ, ವರ್ಷಾನುಗಟ್ಟಲೆ ರೂಢಿಯಾದ ಚಲನೆ ಎಷ್ಟೋ ಸಲ ತಾನೇ ಮುಂದುವರಿಯುತ್ತದೆ. ಮಗಳೇ ಉಜ್ಜಬೇಕಾಗಿ ಬಂದರೆ ಅಮ್ಮನ ಕೈಗೆ ಇನ್ನೊಂದು ಬ್ರಷ್ ಕೊಡಬಹುದು. ಹಲ್ಲು ಮತ್ತು ಒಸಡು ಸೇರುವ ಗೆರೆಯ ಮೇಲೆ ಬ್ರಷ್ ಆಡಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಅಲ್ಲಿನ ಪಾಚಿ ಪೂರ್ತಿ ಹೋಗುವುದಿಲ್ಲ. ಅಮ್ಮ ಬ್ರಷ್ ಕಚ್ಚಿಹಿಡಿದರೆ ಎಳೆಯದೆ, ಕೆನ್ನೆ ಸವರುತ್ತಾ ಸಡಿಲವಾಗುವವರೆಗೆ ಕಾಯಬೇಕು. ಹಲ್ಲುಗಳ ನಡುವೆ ಬೆರಳು ಇಡಕೂಡದು. ಕೋಪ ಏರುತ್ತಿದ್ದರೆ ಅಲ್ಲಿಗೇ ಬಿಟ್ಟು, ಅರ್ಧ ಗಂಟೆ ಕಳೆದು ಮತ್ತೆ ಬರಬೇಕು, ಇಲ್ಲವೇ ಮನೆಯ ಬೇರೊಬ್ಬರು ಪ್ರಯತ್ನಿಸಬೇಕು. ಬೆಳಿಗ್ಗೆಯೇ ಆಗಬೇಕೆಂದಿಲ್ಲ, ಅವರು ಶಾಂತವಾಗಿರುವ ಹೊತ್ತಿನಲ್ಲಿ ದಿನಕ್ಕೊಮ್ಮೆ ಚೆನ್ನಾಗಿ ಉಜ್ಜುವುದು ಎರಡು ಸಲದ ಜಗಳಕ್ಕಿಂತ ಮೇಲು.

ಇದೇ ದಾರಿಯಲ್ಲಿ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯದ ಶೆರಿಲ್ ಜಿಮ್ಮರ್‌ಮನ್, ಫಿಲಿಪ್ ಸ್ಲೋನ್ ಅವರ ತಂಡ ಆರೈಕೆದಾರರಿಗೆ ‘ಜಗಳವಿಲ್ಲದ ಬಾಯಿ ಆರೈಕೆ’ ತರಬೇತಿ ರೂಪಿಸಿತು. 14 ಆರೈಕೆ ಕೇಂದ್ರಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು: ಮೊದಲ ವರ್ಷ ನ್ಯುಮೋನಿಯಾ ಇಳಿದರೂ, ಎರಡು ವರ್ಷ ಸೇರಿಸಿ ನೋಡಿದಾಗ ಖಚಿತ ವ್ಯತ್ಯಾಸ ಉಳಿಯಲಿಲ್ಲ. ಜಪಾನಿನ ಅಂಕಿಗಳನ್ನು ಎಲ್ಲೆಡೆಗೂ ಹಾಗೇ ಅನ್ವಯಿಸಲಾಗದೆಂದು ಇದರಿಂದ ಗೊತ್ತಾಯಿತು. ಹಾಗಿದ್ದರೂ ಹಲ್ಲುಹುಳುಕು, ಒಸಡಿನ ಊತ, ಬಾಯಿನೋವು ತಡೆಯಲು ಉಜ್ಜುವಿಕೆ ಬೇಕೇ ಬೇಕು.

ಈ ಉಪಾಯಗಳಿಗೂ ಮಿತಿಯಿದೆ. ನಿನ್ನೆವರೆಗೆ ಒಪ್ಪುತ್ತಿದ್ದವರು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡರೆ, ಒಂದೇ ಕಡೆ ಅಗಿದರೆ, ಬಿಸಿ ಅಥವಾ ತಣ್ಣನೆಯದನ್ನು ದೂರ ತಳ್ಳಿದರೆ, ಕಾರಣ ಭಯವಲ್ಲದೆ ನೋವಿರಬಹುದು. ಹುಣ್ಣು, ಒಡೆದ ಹಲ್ಲು, ಒತ್ತುವ ಹಲ್ಲುಸೆಟ್ ಇವೆಯೇ ಎಂದು ದಂತವೈದ್ಯರಿಂದ ಮೊದಲು ಪರೀಕ್ಷೆ ಮಾಡಿಸಬೇಕು.