ಕದ್ದ ಕೀಲಿಕೈ ಎಷ್ಟು ದಿನ ಬಾಳುತ್ತೆ?

ಹೋದ ತಿಂಗಳು ಫೋನಿನ ಗಾಜು ಒಡೆದು ರಿಪೇರಿಗೆ ಕೊಟ್ಟಿದ್ದೆ. ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆದುಕೊಟ್ಟು ಬಂದೆ. ರಾತ್ರಿ ಮಲಗಿದಾಗ ತಲೆಗೆ ಹುಳ ಹೊಕ್ಕಿತು ನೋಡಿ... ಯಾರಾದರೂ ಒಳಗಿದ್ದ ಕೀಲಿಕೈಗಳನ್ನೆಲ್ಲ ನಕಲು ಮಾಡಿಕೊಂಡರೆ? ಮುಂದೆ ನಾನು ಬರೆಯೋ ಮೆಸೇಜುಗಳನ್ನೂ ಅವನು ಓದುತ್ತಲೇ ಇರ್ತಾನಾ? ಉತ್ತರ ಹುಡುಕಲು ಹೋದವನಿಗೆ ಇಪ್ಪತ್ತೈದು ವರ್ಷದ ಕಥೆಯೇ ಸಿಕ್ಕಿತು.

1991ರಲ್ಲಿ ಫಿಲ್ ಜಿಮ್ಮರ್‌ಮನ್ ಪಿಜಿಪಿ ಬರೆದರು. ಈಮೇಲಿಗೆ ಗಟ್ಟಿ ಬೀಗ. ಆದರೆ ಒಬ್ಬರಿಗೆ ಒಂದೇ ಕೀಲಿಕೈ, ಅದೂ ವರ್ಷಗಟ್ಟಲೆ. ಬೀಗ ಹಾಕಿದ ಮೇಲ್‌ಗಳನ್ನು ಯಾರೋ ಸುಮ್ಮನೆ ಕೂಡಿಟ್ಟುಕೊಂಡಿದ್ದರೆ, ಎಂದೋ ಒಂದು ದಿನ ಆ ಕೀಲಿಕೈ ಸಿಕ್ಕರೆ ಸಾಕು, ಹಳೆಯದೆಲ್ಲ ಒಂದೇ ಏಟಿಗೆ ಬಯಲು.

2004ರಲ್ಲಿ ನಿಕಿತಾ ಬೊರಿಸೊವ್, ಇಯಾನ್ ಗೋಲ್ಡ್‌ಬರ್ಗ್, ಎರಿಕ್ ಬ್ರೂವರ್ ಈ ತೊಂದರೆಗೇ ಕೈ ಹಾಕಿದರು. ಅವರು ಮಾಡಿದ್ದು ಓಟಿಆರ್. ಗೈಮ್ (ಆಮೇಲೆ ಪಿಜಿನ್ ಆಯ್ತಲ್ಲ, ಅದೇ) ಬಳಸಿದವರಿಗೆ ಆ ಪ್ಲಗಿನ್ ನೆನಪಿರಬಹುದು. ಇದರಲ್ಲಿ ಇಬ್ಬರೂ ಮೆಸೇಜಿನ ಜೊತೆಗೇ ಹೊಸ ಕೀಲಿಕೈಯ ಅರ್ಧ ಭಾಗವನ್ನು ಕಳಿಸುತ್ತಾ ಹೋಗುತ್ತಾರೆ. ಇನ್ನರ್ಧ, ಅಂದರೆ ಗುಟ್ಟಿನ ಭಾಗ, ತಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಉಳಿಯುತ್ತೆ. ನನ್ನ ಗುಟ್ಟಿನ ಭಾಗ, ನಿಮ್ಮ ಬಹಿರಂಗ ಭಾಗ ಸೇರಿಸಿದರೆ ಬರುವ ಸಂಖ್ಯೆಯೇ ನಿಮ್ಮ ಗುಟ್ಟು, ನನ್ನ ಬಹಿರಂಗ ಸೇರಿಸಿದರೂ ಬರುತ್ತೆ. 1976ರ ಡಿಫಿ–ಹೆಲ್‌ಮನ್ ಉಪಾಯ ಇದು. ಹಳೆಯ ಗುಟ್ಟನ್ನು ಆಗಾಗ ಅಳಿಸಿಬಿಡುವುದರಿಂದ ಹಿಂದಿನ ಮಾತು ಕ್ಷೇಮ. ಕೊರತೆ ಎಂದರೆ, ಮಾತು ಆ ಕಡೆ ಈ ಕಡೆ ಓಡಾಡಿದರೆ ಮಾತ್ರ ಚಕ್ರ ತಿರುಗುತ್ತೆ. ಒಬ್ಬರೇ ಹತ್ತು ಸಾಲು ಬರೆದರೆ ಹತ್ತಕ್ಕೂ ಒಂದೇ ಕೀಲಿಕೈ.

2012ರಲ್ಲಿ ಸೈಲೆಂಟ್ ಸರ್ಕಲ್‌ನವರ ಸ್ಕಿಂಪ್ ಬಂತು. ಅದರ ಹಿಂದೆಯೂ ಜಿಮ್ಮರ್‌ಮನ್ ಇದ್ದರು. ಇಲ್ಲಿ ಪ್ರತಿ ಮೆಸೇಜಾದ ಮೇಲೆ ಕೀಲಿಕೈಯನ್ನು ಬೀಸುವ ಕಲ್ಲಿಗೆ ಹಾಕಿ ಮುಂದಿನದನ್ನು ತೆಗೆಯುತ್ತಾರೆ, ಹಿಂದಿನದನ್ನು ಅಳಿಸುತ್ತಾರೆ. ಹಿಟ್ಟಿನಿಂದ ಮತ್ತೆ ರಾಗಿ ಮಾಡಲಾಗದ ಹಾಗೆ ಹಿಂದಕ್ಕೆ ಹೋಗೋ ಹಾಗಿಲ್ಲ. ಸೈಕಲ್ಲಿನ ಫ್ರೀವೀಲ್ ಒಂದೇ ದಿಕ್ಕಿಗೆ ಹಿಡಿಯುತ್ತಲ್ಲ, ಹಾಗೆ. ಈ ತರಹದ ಹಲ್ಲಿನ ಚಕ್ರಕ್ಕೇ ರ‍್ಯಾಚೆಟ್ ಅಂತಾರೆ. ಆದರೆ ಕಳ್ಳನ ಹತ್ತಿರವೂ ಅದೇ ಬೀಸುವ ಕಲ್ಲಿದೆ! ಒಂದು ಸಲ ಕೀಲಿಕೈ ಕದ್ದವನು ಮುಂದಿನದನ್ನೆಲ್ಲ ತಾನೇ ಬೀಸಿಕೊಳ್ಳಬಲ್ಲ, ಇಬ್ಬರೂ ಮತ್ತೆ ಮೊದಲಿನಿಂದ ಕೀಲಿಕೈ ಒಪ್ಪಂದ ಮಾಡಿಕೊಳ್ಳುವವರೆಗೂ.

ಒಂದು ಹಿಂದಿನದನ್ನು ಕಾಯುತ್ತೆ, ಇನ್ನೊಂದು ಮುಂದಿನದನ್ನು ವಾಸಿ ಮಾಡುತ್ತೆ. 2013ರಲ್ಲಿ ಟ್ರೆವರ್ ಪೆರ‍್ರಿನ್ ಮತ್ತು ಮಾಕ್ಸಿ ಮಾರ್ಲಿನ್‌ಸ್ಪೈಕ್ ಎರಡೂ ಚಕ್ರಗಳನ್ನು ಒಂದೇ ಅಚ್ಚಿಗೆ ಕೂರಿಸಿದರು. ಕಡಿದ ಕಾಲು ಮತ್ತೆ ಬೆಳೆಸಿಕೊಳ್ಳುವ ಮೆಕ್ಸಿಕೋದ ಜಲಚರದ ಹೆಸರು ಆಕ್ಸೊಲಾಟ್ಲ್, ಅದನ್ನೇ ಇದಕ್ಕೂ ಇಟ್ಟರು. 2016ರಲ್ಲಿ ಡಬಲ್ ರ‍್ಯಾಚೆಟ್ ಎಂದು ಬದಲಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ವಾಟ್ಸಾಪ್ ಇದನ್ನು ಎಲ್ಲ ಮೆಸೇಜುಗಳಿಗೂ ಹಾಕಿತು.

ಈಗ ನನ್ನ ಪ್ರಶ್ನೆಗೆ ಬರೋಣ. ಸರೋಜ ಗಿರೀಶನಿಗೆ ಮೂರು ಮೆಸೇಜು ಕಳಿಸಿದ್ದಾಳೆ. ಆಗ ಕಳ್ಳ ಅವಳ ಫೋನಿನ ಕೀಲಿಕೈಗಳನ್ನೆಲ್ಲ ನಕಲು ಮಾಡಿ, ಹೊರಗೆ ಕೂತು ಜಾಲದಲ್ಲಿ ಹೋಗೋದನ್ನೆಲ್ಲ ಹಿಡಿಯುತ್ತಿದ್ದಾನೆ ಅಂದುಕೊಳ್ಳಿ. ಮೊದಲ ಮೂರರ ಕೀಲಿಕೈಗಳು ಆಗಲೇ ಅಳಿದಿವೆ, ಸಿಗೋದಿಲ್ಲ. ನಾಲ್ಕು, ಐದನೆಯದನ್ನು ಸರೋಜ ಬರೆದರೆ ಬೀಸಿಕೊಂಡು ಓದುತ್ತಾನೆ. ಗಿರೀಶ ಹೊಸ ಬಹಿರಂಗ ಭಾಗದ ಜೊತೆ ಉತ್ತರ ಬರೆಯುತ್ತಾನೆ. ಅದು ಸರೋಜಳ ಹಳೆಯ ಗುಟ್ಟಿಗೇ ಹೊಂದುವುದರಿಂದ ಕಳ್ಳ ಅದನ್ನೂ ಓದುತ್ತಾನೆ! ಆದರೆ ಉತ್ತರ ತಲುಪಿದ ಕೂಡಲೇ ಸರೋಜಳ ಫೋನು ಹೊಚ್ಚಹೊಸ ಗುಟ್ಟು ಹುಟ್ಟಿಸುತ್ತೆ. ಅದು ಕಳ್ಳನ ನಕಲಿನಲ್ಲಿಲ್ಲ, ಗಿರೀಶನ ಹೊಸ ಗುಟ್ಟೂ ಅವನ ಹತ್ತಿರ ಇಲ್ಲ. ಅವಳ ಆರನೆಯ ಮೆಸೇಜಿನಿಂದ ಅವನು ಕುರುಡ.

ಅಂದರೆ ಕದ್ದ ಕೀಲಿಕೈಯ ಆಯಸ್ಸು ಒಂದು ಉತ್ತರ, ಅದಕ್ಕೊಂದು ಮರುಉತ್ತರ. ಗಿರೀಶ ಉತ್ತರವೇ ಕೊಡದಿದ್ದರೆ ಗಾಯ ಮಾಯೋದೇ ಇಲ್ಲ.

ಇದಕ್ಕೂ ಮಿತಿ ಇದೆ. ಕಳ್ಳ ಸುಮ್ಮನೆ ಕೇಳದೆ ಸರೋಜಳ ಹೆಸರಲ್ಲಿ ತಾನೇ ಬರೆದರೆ ಗಿರೀಶನ ಚಕ್ರ ಕಳ್ಳನ ಜೊತೆ ತಿರುಗಲು ಶುರುವಾಗುತ್ತೆ. ಆಮೇಲೆ ನಿಜವಾದ ಸರೋಜಳ ಮೆಸೇಜು ಗಿರೀಶನಲ್ಲಿ ತೆರೆಯೋದಿಲ್ಲ. ಕಾರಣವಿಲ್ಲದೆ ಮೆಸೇಜು ಬಿಚ್ಚಲಾಗುತ್ತಿಲ್ಲ ಎಂದು ಬಂದರೆ ಫೋನ್ ಮಾಡಿ ಕೇಳೋದು ಒಳ್ಳೆಯದು. ಇನ್ನು, ಓದಿದ ಮೇಲೆ ಫೋನಿನಲ್ಲೇ ಉಳಿದ ಹಳೆಯ ಚಾಟ್‌ಗಳನ್ನು ಯಾವ ರ‍್ಯಾಚೆಟ್ಟೂ ಕಾಯೋದಿಲ್ಲ. ಅವು ಆ ಅಂಗಡಿಯವನ ಮುಂದೆ ತೆರೆದೇ ಇದ್ದವು...

ಫೋನು ಬಂದ ದಿನ ಎಲ್ಲರಿಗೂ "ಊಟ ಆಯ್ತಾ?" ಅಂತ ಕಳಿಸಿದೆ. ಉತ್ತರ ಬಂದವರಿಗೆ "ನಂದೂ ಆಯ್ತು" ಅಂದೆ. ಉತ್ತರ ಕೊಡದ ಇಬ್ಬರು ಈ ಬ್ಲಾಗ್ ಓದುತ್ತಾರೆ, ದಯವಿಟ್ಟು ಒಂದು "ಹೂಂ" ಆದರೂ ಅನ್ನಿ!