ಲಗೇಜು ಯೋಜನೆ: ತೆಂಗಿನ ಸೀಮೆಯಿಂದ ದುಬೈಗೆ

ಹೊರದೇಶಕ್ಕೆ ಕೆಲಸಕ್ಕೆ ಹೊರಟವರು ವಿಮಾನಕ್ಕೆ ಕೊಡುವ ಚೀಲ, ಕೈಚೀಲ ಮತ್ತು ಮನೆಯಲ್ಲೇ ಬಿಡಬೇಕಾದ ವಸ್ತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಕ್ರಮವೇ ಲಗೇಜು ಯೋಜನೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದಕ್ಕೊಂದು ವಿಶೇಷ ತೊಡಕುಂಟು. ಇಲ್ಲಿನ ಮನೆಗಳು ಪ್ರೀತಿಯಿಂದ ಕೊಟ್ಟುಕಳಿಸುವ ಉಂಡೆ ಕೊಬ್ಬರಿಗೇ ವಿಮಾನದಲ್ಲಿ ಜಾಗವಿಲ್ಲ.

ಉಂಡೆ ಕೊಬ್ಬರಿ ಮಾಡಲು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದಾಗ ಗುಡುಗುಡು ಎಂದರೆ ಸುಲಿಯುವ ಹೊತ್ತಾಯಿತು ಎಂದರ್ಥ. ಹಾಗೆ ಒಣಗಿದ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಆ ಎಣ್ಣೆ ಗಾಳಿಯೊಡನೆ ಬೆರೆಯುವಾಗ ಮೆಲ್ಲಗೆ ಕಾವು ಹುಟ್ಟುತ್ತದೆ. ಕೊಬ್ಬರಿ ಸರಿಯಾಗಿ ಒಣಗಿರದಿದ್ದರೆ ಬೂಷ್ಟು ಹಿಡಿದು ಕಾವು ಇನ್ನೂ ಏರುತ್ತದೆ. ಮನೆಯ ಅಟ್ಟದಲ್ಲಿ ಆ ಕಾವು ಗಾಳಿಗೆ ಹೋಗುತ್ತದೆ, ಒತ್ತೊತ್ತಾಗಿ ತುಂಬಿದ ಸರಕಿನ ನಡುವೆ ಹೋಗುವುದಿಲ್ಲ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆ ಇದ್ದು, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ 4.2ನೇ ವರ್ಗದಲ್ಲಿ ಅದನ್ನು ಇಟ್ಟಿದ್ದಾರೆ. ಭಾರತದಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2022ರಲ್ಲಿ ಇದನ್ನು ಚೆಕ್‌ಇನ್ ಚೀಲಗಳ ನಿಷೇಧಿತ ಪಟ್ಟಿಗೂ ಸೇರಿಸಿತು. ಕೈಚೀಲದಲ್ಲೂ ಒಯ್ಯುವಂತಿಲ್ಲ. ಸಕ್ಕರೆ ಪಾಕದಲ್ಲಿ ಕಟ್ಟಿದ ಕೊಬ್ಬರಿ ಮಿಠಾಯಿ ತಿನಿಸು, ಅದು ಬೇರೆ ಮಾತು. ಆದರೂ ಚೀಲ ತೆಗೆಸಿದ ತಪಾಸಣೆಯವರದೇ ಕೊನೆಯ ಮಾತು.

ಲೆಕ್ಕ ಹೇಗೆ ಬೀಳುತ್ತದೆ ನೋಡೋಣ. ತುರುವೇಕೆರೆಯ ಒಬ್ಬ ಎಲೆಕ್ಟ್ರಿಷಿಯನ್ ದುಬೈಗೆ ಹೊರಟಿದ್ದಾನೆಂದು ಇಟ್ಟುಕೊಳ್ಳಿ. ಟಿಕೆಟ್ಟಿನಲ್ಲಿ 30 ಕಿಲೋ ಚೆಕ್‌ಇನ್, 7 ಕಿಲೋ ಕೈಚೀಲ ಎಂದಿದೆ. ಬರಿ ಸೂಟ್‌ಕೇಸೇ 4 ಕಿಲೋ. ಬಟ್ಟೆ, ಲುಂಗಿ, ಟವಲ್ಲು 9. ಕೆಲಸದ ಬೂಟು 2. ಇಕ್ಕಳ, ಸ್ಕ್ರೂಡ್ರೈವರ್, ಟೆಸ್ಟರ್ 3; ಇವು ಚೆಕ್‌ಇನ್‌ನಲ್ಲೇ ಹೋಗಬೇಕು. ರಾಗಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ 7. ತಟ್ಟೆ, ಲೋಟ, ಹೊದಿಕೆ 3. ಒಟ್ಟು 28. ಉಳಿದ 2 ಕಿಲೋ ನೋಡಿ ಅಮ್ಮ "ಹತ್ತುಹನ್ನೆರಡು ಕೊಬ್ಬರಿ ಹಾಕ್ಕೊಂಡ್ ಹೋಗಪ್ಪ" ಅನ್ನುತ್ತಾಳೆ. ತೂಕಕ್ಕೆ ಕೊಬ್ಬರಿ ಕೂರುತ್ತದೆ, ಕಾನೂನಿಗೆ ಕೂರುವುದಿಲ್ಲ. ಆ 2 ಕಿಲೋ ಖಾಲಿಯೇ ಇರಲಿ. ಮನೆಯ ತೂಗುಮಾಪಕಕ್ಕೂ ಕೌಂಟರಿನ ಕಾಟಾಕ್ಕೂ ಅಷ್ಟಿಷ್ಟು ವ್ಯತ್ಯಾಸ ಬರುವುದು ಇದ್ದೇ ಇದೆ. ಸೀಮೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ನೂರು ಕಿಲೋಮೀಟರಿಗೂ ದೂರ. ಕೌಂಟರಿನಲ್ಲಿ ತೆಗೆಸಿದ್ದನ್ನು ಮನೆಗೆ ತಿರುಗಿ ಕಳಿಸಲು, ಬೀಳ್ಕೊಡಲು ಬಂದವರು ಇನ್ನೂ ಹೊರಗೆ ನಿಂತಿದ್ದರೆ ಮಾತ್ರ ಸಾಧ್ಯ.

ಇಲ್ಲಿ ಚೀಲ ದಾಟಿದರೂ ಅಲ್ಲಿನ ಕಸ್ಟಮ್ಸ್ ಬೇರೆಯೇ. ಅರಬ್ ಎಮಿರೇಟ್ಸ್‌ನಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ಪಾಯಸಕ್ಕೆಂದು ಒಂದು ಪೊಟ್ಟಣ ಇಟ್ಟುಕೊಂಡವನಿಗೂ ಜೈಲಿನ ಭಯ ತಪ್ಪಿದ್ದಲ್ಲ. ಇದಕ್ಕಿಂತ ಕಾಣದ ಅಪಾಯ ಮನೆಯ ಮಸಾಲೆಪುಡಿಯದು: ಕೆಲವರು ಅದಕ್ಕೆ ಗಸಗಸೆ ಹುರಿದು ಹಾಕುತ್ತಾರೆ. ಕುಟ್ಟಿಸುವ ಮೊದಲೇ ಕೇಳಿಕೊಳ್ಳಬೇಕು. ವೀಳ್ಯದೆಲೆಯೂ ಅಲ್ಲಿ ನಿಷಿದ್ಧ. ಟ್ರಾಮಡಾಲ್, ಕೋಡೀನ್ ಸೇರಿದ ನೋವು ಮತ್ತು ಕೆಮ್ಮಿನ ಔಷಧಗಳಿಗೆ ಮೊದಲೇ ಅನುಮತಿ ಬೇಕು. "ನಮ್ಮ ಹುಡುಗನಿಗೆ ಕೊಟ್ಬಿಡಿ" ಎಂದು ಪಕ್ಕದೂರಿನವರು ಹೊಲಿದು ತರುವ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬಾರದು. ದಾಕ್ಷಿಣ್ಯ ಬಂದರೂ ಸರಿ. ಚೀಲ ಯಾರ ಹೆಸರಿನಲ್ಲಿದೆಯೋ ಉತ್ತರವೂ ಅವರದೇ.

ಕೈಚೀಲವನ್ನು ಕಟ್ಟುವಾಗ ದೊಡ್ಡ ಚೀಲ ಒಂದೆರಡು ದಿನ ತಡವಾಗಿ ಬಂತು ಎಂದುಕೊಂಡೇ ಕಟ್ಟಬೇಕು. ಪಾಸ್‌ಪೋರ್ಟು, ವೀಸಾ, ಕೆಲಸದ ಕರಾರಿನ ಪ್ರತಿ, ಹತ್ತನೆಯ ತರಗತಿ ಪಾಸಾಗದವರಾದರೆ ವಲಸೆ ಅನುಮತಿಯ ಕಾಗದ, ವೈದ್ಯರ ಚೀಟಿಯೊಡನೆ ಮಾತ್ರೆ, ಒಂದು ಜೊತೆ ಬಟ್ಟೆ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವಾಟ್-ಅವರ್. ಸಾಮಾನ್ಯ ಮಿತಿ 100. ಎಣ್ಣೆ ಬಾಟಲಿ 100 ಮಿಲಿಗಿಂತ ದೊಡ್ಡದಾದರೆ, ಮೆಣಸಿನಪುಡಿ ಎಷ್ಟಿದ್ದರೂ, ಕೈಚೀಲಕ್ಕೆ ಬರುವುದಿಲ್ಲ.

ಮೊದಲ ದಿನಗಳಿಗೆಂದು ಮನೆಯಿಂದ ತಿನ್ನುವ ಸಾಮಾನು ಒಯ್ಯುವುದಕ್ಕೆ ಅರ್ಥವಿದೆ: ಸಂಬಳ ಬರುವುದು ತಿಂಗಳಾದ ಮೇಲೆ. ಅಲ್ಲಿಯವರೆಗೆ ರಾಗಿಹಿಟ್ಟು, ಚಟ್ನಿಪುಡಿಗಳೇ ಕೈಗಾಸು ಉಳಿಸುತ್ತವೆ. ಅಕ್ಕಿ ಮಾತ್ರ ಹೊರುವುದು ದಂಡ, ದುಬೈಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ತೆಂಗಿನಕಾಯಿ ಎಲ್ಲ ಸಿಗುತ್ತದೆ. ಅಲ್ಲಿನ ಪ್ಲಗ್ಗಿಗೆ ಆಯತಾಕಾರದ ಮೂರು ಕಡ್ಡಿ. ನಮ್ಮ ದುಂಡು ಕಡ್ಡಿ ಕೂರುವುದಿಲ್ಲ. ಒಂದು ಅಡಾಪ್ಟರು, ಲಾಕರಿಗೆ ಒಂದು ಬೀಗ, ಇವೆರಡು ಮರೆತರೆ ಮೊದಲ ರಾತ್ರಿ ಫೋನೂ ಸತ್ತಿರುತ್ತದೆ, ಪಾಸ್‌ಪೋರ್ಟನ್ನು ತಲೆದಿಂಬಿನಡಿ ಇಟ್ಟುಕೊಂಡೇ ಮಲಗಬೇಕಾಗುತ್ತದೆ.