ಕಳ್ಳಮಾತೂ ಮನೆಮಾತೂ

ನಾನು ಹುಟ್ಟಿದ್ದು ಮಡಕಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಾಯಿಯ ತವರು ರಾಯದುರ್ಗ. ಉಪಾಧ್ಯಾಯನಾಗಿ ಬದುಕಿದ್ದು ಕಾಸರಗೋಡಿನಲ್ಲಿ. ಮಡಕಶಿರಾವನ್ನು ಮೂರು ಕಡೆಗಳಿಂದ ಕರ್ನಾಟಕವೇ ಸುತ್ತುವರಿದಿದೆ. ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರುಗಳೊಂದಿಗೆ ಆಂಧ್ರಕ್ಕೆ ಸೇರಿತು. 2022ರಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಆಡಳಿತದ ಗೆರೆಗಳು ಹೀಗೆ ಸರಿದಾಡುತ್ತಿದ್ದರೂ ನಮ್ಮ ಮನೆಗಳಲ್ಲಿ ಮಾತು ಕನ್ನಡವಾಗಿಯೇ ಉಳಿಯಿತು.

ಚಿಕ್ಕಂದಿನಲ್ಲಿ ನಮ್ಮೂರ ಹೊರಗಿನ ಹುಣಸೆ ತೋಪಿನಲ್ಲಿ ಕೊರಚರು ಬಂದು ಇಳಿಯುತ್ತಿದ್ದರು. ಅವರು ಬಿದಿರು ಸೀಳಿ ಬುಟ್ಟಿ ಹೆಣೆಯುವುದನ್ನು ನೋಡಲು ನಾವು ಹುಡುಗರು ಓಡುತ್ತಿದ್ದೆವು. ಆದರೆ ಅವರು ತಮ್ಮತಮ್ಮಲ್ಲೇ ಮಾತಿಗೆ ತೊಡಗಿದ ಕೂಡಲೇ ನನ್ನ ಅಜ್ಜ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದರು. "ಅದು ಕಳ್ಳಮಾತು ಕಣೋ, ಕಿವಿಗೆ ಹಾಕ್ಕೋಬೇಡ" ಎನ್ನುತ್ತಿದ್ದರು. ಅಜ್ಜ ಕೆಟ್ಟವರಲ್ಲ. ಊರೇ ಹಾಗೆ ನಂಬಿತ್ತು, ಪೊಲೀಸ್ ಠಾಣೆಯೂ ನಂಬಿತ್ತು. ಆ ನಂಬಿಕೆಯಲ್ಲಿ ಎಷ್ಟು ನಿಜ, ಎಷ್ಟು ತಪ್ಪು ಎಂಬುದೇ ಈ ಬರಹದ ವಿಷಯ.

ಮೊದಲಿಗೆ ನಿಜವಾದ ಕಳ್ಳಮಾತನ್ನು ನೋಡೋಣ. ನಮ್ಮ ದಕ್ಷಿಣದ ದಾರಿಗಳಲ್ಲಿ ಪ್ರಯಾಣಿಕರ ಕೊರಳಿಗೆ ಉರುಲು ಹಾಕಿ ದೋಚುವ ಗುಂಪುಗಳಿದ್ದವು. ಶ್ರೀರಂಗಪಟ್ಟಣ ಬಿದ್ದ 1799ರ ಬಳಿಕ ಬೆಂಗಳೂರಿನ ಆಸುಪಾಸಿನಲ್ಲಿ ಇಂಥ ಸುಮಾರು ನೂರು ಮಂದಿ ಸಿಕ್ಕಿಬಿದ್ದರು. 1807ರಲ್ಲಿ ಚಿತ್ತೂರು ಮತ್ತು ಆರ್ಕಾಟಿನ ನಡುವೆ ಹಿಡಿಯಲ್ಪಟ್ಟ ಗುಂಪೊಂದು ತಿರುವಿತಾಂಕೂರಿನವರೆಗೆ ಹೋಗಿ ಕೊಳ್ಳೆಯೊಡನೆ ಮರಳುತ್ತಿತ್ತು. ಮದರಾಸಿನ ವೈದ್ಯ ಶೆರ್ವುಡ್ ಇವರ ಬಗ್ಗೆ ಬರೆದ ಲೇಖನ 1820ರಲ್ಲಿ 'ಏಷಿಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಅಚ್ಚಾಯಿತು. ಕನ್ನಡದವರು ಇವರನ್ನು 'ತಂತಿ ಕಳ್ಳರು' ಎನ್ನುತ್ತಿದ್ದರೆಂದು ಅದರಲ್ಲಿದೆ. ಮುಂದೆ ಹೋದವನು ಹಿಂದೆ ಬರುವವರಿಗೆ ದಾರಿ ತೋರಿಸಲು ಧೂಳಿನಲ್ಲಿ ಕಾಲೆಳೆದು, ಕೊನೆಯಲ್ಲಿ ಧೂಳನ್ನು ಗುಡ್ಡೆಮಾಡಿ ಹೋಗುತ್ತಿದ್ದನಂತೆ. ನೋಡಿದವರಿಗೆ ಅದು ಬರೀ ಧೂಳು.

1836ರಲ್ಲಿ ಸ್ಲೀಮನ್ ಎಂಬ ಅಧಿಕಾರಿ ಕಲ್ಕತ್ತೆಯಲ್ಲಿ 'ರಾಮಸೀಯಾನ' ಎಂಬ ನಿಘಂಟನ್ನು ಹೊರತಂದ. ಠಕ್ಕರ ಗುಪ್ತಭಾಷೆ 'ರಾಮಸಿ'ಯ ಪದಗಳೆಲ್ಲ ಅದರಲ್ಲಿವೆಯೆಂದು ಹೆಸರಾಯಿತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪದ 'ಝಿರ್ನಿ'. ಕೊಲೆಗೆ ಕೊಡುವ ಸನ್ನೆಗೆ ಆ ಹೆಸರು. ಆದರೆ ಕೊಲೆಯ ಹೊತ್ತಿಗೆ ಯಾರೂ 'ಝಿರ್ನಿ' ಎನ್ನುತ್ತಿರಲಿಲ್ಲ. ಊಟ ಮುಗಿದು ಎಲ್ಲರೂ ಸುಮ್ಮನೆ ಕೂತಿರುವಾಗ ನಾಯಕನಾದವನು ತಂಬಾಕಿನ ಮಾತೆತ್ತುತ್ತಿದ್ದ. ಪಕ್ಕದಲ್ಲಿ ಕೂತ ಪ್ರಯಾಣಿಕನಿಗೆ ಅದರಲ್ಲಿ ಅನುಮಾನಕ್ಕೆ ಏನಿತ್ತು? ತಂಬಾಕು ಎಲ್ಲರೂ ಕೇಳುವ ವಸ್ತುವೇ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ನಿಜವಾದ ಗುಟ್ಟುಮಾತು ವಿಚಿತ್ರವಾಗಿ ಕೇಳಿಸುವುದಿಲ್ಲ. ವಿಚಿತ್ರವಾಗಿ ಕೇಳಿಸಿದರೆ ಕೇಳಿದವನು ಎಚ್ಚರಾಗುತ್ತಾನೆ, ಗುಟ್ಟು ಕೆಡುತ್ತದೆ. ಆದ್ದರಿಂದ ಅದು ದಿನಬಳಕೆಯ ಮಾತಿನೊಳಗೇ ಅಡಗಿ ಕೂರುತ್ತದೆ. ವ್ಯಾಕರಣವೂ ಅದಕ್ಕೆ ಸ್ವಂತದ್ದಲ್ಲ. ರಾಮಸಿ ನಿಂತದ್ದು ಹಿಂದೂಸ್ತಾನಿಯ ಮೇಲೆ. ಮುಂಬಯಿಯಿಂದ ಬೆಂಗಳೂರಿಗೆ ಬಂದ 'ಸುಪಾರಿ'ಯೂ ಕನ್ನಡದೊಳಗೆ 'ಸುಪಾರಿ ಕೊಟ್ಟ', 'ಸುಪಾರಿ ತಗೊಂಡ' ಎಂದೇ ನಡೆಯುತ್ತದೆ. ಪದವೊಂದೇ ಹೊಸತು, ಮಿಕ್ಕದ್ದೆಲ್ಲ ನಮ್ಮದೇ. ಸುಪಾರಿ ಎಂದರೆ ಅಡಿಕೆ. ಪತ್ರಿಕೆ ಓದುವವರಿಗೆ ಅದು ಪಾತಕಿಗಳು ಹುಟ್ಟಿಸಿದ ಭೀಕರ ಪದವೆಂದು ತೋರುತ್ತದೆ. ಆದರೆ ಯಕ್ಷಗಾನದ ಮೇಳಕ್ಕೆ ವೀಳ್ಯ ಕೊಟ್ಟು ಆಟ ಗೊತ್ತುಮಾಡುವ ನಾಡಿನವರು ನಾವು, ರಣವೀಳ್ಯದ ಹೆಸರು ಕೇಳಿದವರು. ವೀಳ್ಯ ಹಿಡಿದವನು ಕೆಲಸ ಒಪ್ಪಿಕೊಂಡ ಎಂಬುದು ಹಳೆಯ ಕರಾರು. ಪಾತಕಿಗಳು ಪದವನ್ನು ಹುಟ್ಟಿಸಲಿಲ್ಲ, ಊರಿನ ಪದ್ಧತಿಯಿಂದ ಎತ್ತಿಕೊಂಡರು.

ಸೆರೆಮನೆಯ ಮಾತೂ ಹೀಗೆಯೇ. ನಮ್ಮ ಕಡೆ ಸೆರೆಗೆ ಹೋದವನನ್ನು 'ಮಾವನ ಮನೆಗೆ ಹೋಗಿದ್ದಾನೆ' ಎನ್ನುತ್ತಾರೆ. ತೆಲುಗಿನವರೂ 'ಅತ್ತಾರಿಲ್ಲು' ಎನ್ನುತ್ತಾರೆ. ಕನ್ನಡದಲ್ಲಿ 'ಮುದ್ದೆ ಮುರಿಯುವುದು', ತೆಲುಗಿನಲ್ಲಿ 'ಚಿಪ್ಪಕೂಡು', ಈ ವಾರ್ಷಿಕದ ಮಲಯಾಳ ಓದುಗರಿಗೆ 'ಗೋದಂಬುಂಡ', ಅಂದರೆ ಗೋಧಿಯ ಉಂಡೆ. ಮೂರು ಭಾಷೆಗಳೂ ಸೆರೆಮನೆಯನ್ನು ಅಲ್ಲಿನ ಊಟದಿಂದಲೇ ಗುರುತಿಸಿವೆ. ಹೊರಗಿನವರು 'ಮಾವನ ಮನೆ' ಎಂಬ ಮಾತು ಕೇಳಿ, ಇವರಿಗೆ ನಾಚಿಕೆಯಿಲ್ಲ, ಸೆರೆಯನ್ನೇ ಮೆರೆಯುತ್ತಾರೆ ಎನ್ನುತ್ತಾರೆ. ನಾನು ಅದನ್ನು ಹೆಚ್ಚಾಗಿ ಕೇಳಿದ್ದು ಹೆಂಗಸರ ಬಾಯಲ್ಲಿ, ಮಕ್ಕಳು ಎದುರಿಗಿದ್ದಾಗ. "ಅಪ್ಪ ಎಲ್ಲಿ?" ಎಂದು ಕೇಳಿದ ಮಗುವಿನ ಮುಂದೆ ತಾಯಿ ಹೇಳಬಹುದಾದ ಮಾತು ಅದೊಂದೇ. ಅಲ್ಲಿ ಮೆರೆಯುವುದು ಎಲ್ಲಿಂದ ಬಂತು? ಅಲ್ಲಿರುವುದು ನಾಚಿಕೆಯೇ.

ಈಗ ಹುಣಸೆ ತೋಪಿಗೆ ಮರಳೋಣ. ನನ್ನ ಅಜ್ಜ ಕಳ್ಳಮಾತು ಎಂದದ್ದು ಯಾವುದು?

ಕೊರಚ, ಕೊರಮ, ಎರುಕಲ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯಲ್ಪಡುವ ಈ ಜನರಲ್ಲಿ ಬಿದಿರ ಕೆಲಸದವರು, ನೇಕಾರರ ಕುಂಚ ಕಟ್ಟುವವರು, ಬಜಂತ್ರಿಯವರು, ಕಣಿ ಹೇಳುವವರು ಎಂದು ಪಂಗಡಗಳಿದ್ದವು. ಉಪ್ಪು ಕೊರಚರು ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು, ಧಾನ್ಯ ಕೊಂಡು ಮರಳುತ್ತಿದ್ದರು. ರೈಲು ಬಂದು, ಉಪ್ಪಿನ ಮೇಲೆ ಸರಕಾರದ ಹಿಡಿತ ಬಿಗಿಯಾಗಿ ಆ ವ್ಯಾಪಾರ ಮುರಿಯಿತು. ಅಲೆದಾಟ ಮಾತ್ರ ಉಳಿಯಿತು. ಕಸುಬಿಲ್ಲದೆ ಅಲೆಯುವವನು ಕಳ್ಳನೆಂಬುದು ಅಂದಿನ ಪೊಲೀಸ್ ಲೆಕ್ಕ. 1892ರಲ್ಲಿ ಮುಲ್ಲಾಲಿ ಎಂಬ ಪೊಲೀಸ್ ಅಧಿಕಾರಿ ಮದರಾಸು ಪ್ರಾಂತ್ಯದ 'ಅಪರಾಧಿ ವರ್ಗ'ಗಳ ಬಗ್ಗೆ ಒಂದು ಕೈಪಿಡಿಯನ್ನೇ ಬರೆದ. 1911ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಮದರಾಸು ಪ್ರಾಂತ್ಯಕ್ಕೂ ಬಂತು. ಅದರಡಿ ದಾಖಲಾದವರು ಬೆರಳಚ್ಚು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು. ಹುಟ್ಟಿದ ಜಾತಿಯೇ ಅಪರಾಧವಾದ ಮೇಲೆ ಆ ಜಾತಿಯ ಭಾಷೆಯೂ ಅಪರಾಧದ ಉಪಕರಣವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಮಡಕಶಿರಾದ ಹೊರವಲಯ, ರಾತ್ರಿ. ಒಲೆಯ ಸುತ್ತ ಕೂತ ಕೊರಚರ ಬಾಯಿಂದ ಮೂರು ಪದಗಳು ಬೀಳುತ್ತವೆ: 'ಅಂಜು', 'ತನ್ನಿ', 'ಸೋರು'. ಬೇಲಿಯ ಮರೆಯಲ್ಲಿ ಗಸ್ತಿನ ಪೇದೆಗಳಿಬ್ಬರು ನಿಂತಿದ್ದಾರೆ. ಕನ್ನಡದವನಿಗೆ 'ಅಂಜು' ಎಂದರೆ ಹೆದರು, 'ತನ್ನಿ' ಎಂದರೆ ತೆಗೆದುಕೊಂಡು ಬನ್ನಿ, 'ಸೋರು' ಎಂದರೆ ತೊಟ್ಟಿಕ್ಕು. ಯಾರನ್ನೋ ಹೆದರಿಸಿ ಏನನ್ನೋ ತರುವ ಯೋಜನೆ, ನೆತ್ತರೂ ಸೋರಬಹುದು! ಜೊತೆಯ ತೆಲುಗಿನವನಿಗೆ 'ತನ್ನಿ' ಎಂದರೆ ಒದ್ದು ಎಂದರ್ಥ. ಅವನಿಗೆ ಅನುಮಾನ ಇನ್ನೂ ಗಟ್ಟಿ. ಇಬ್ಬರೂ ತಮಗೆ ಗೊತ್ತಿರುವ ಪದಗಳನ್ನೇ ಕೇಳಿದ್ದಾರೆ, ಆದ್ದರಿಂದಲೇ ತಪ್ಪು ಕೇಳಿದ್ದಾರೆ.

ಕಾಸರಗೋಡಿನ ಓದುಗರು ಇಷ್ಟು ಹೊತ್ತಿಗೆ ನಗುತ್ತಿರಬೇಕು. ನೆರೆಮನೆಯ ಮಲಯಾಳ ಕೇಳಿ ಬೆಳೆದ ನಮ್ಮ ಯಾವ ಮಗುವಾದರೂ ಹೇಳೀತು: ಅಂಜು ಎಂದರೆ ಐದು, ತಣ್ಣಿ ಎಂದರೆ ನೀರು, ಚೋರು ಎಂದರೆ ಅನ್ನ. ಐದು ಜನಕ್ಕೆ ಅನ್ನ, ನೀರು. ಒಲೆಯ ಬಳಿ ಬೇರೇನು ಮಾತಾಡುತ್ತಾರೆ? ಕೊರಚರ ಮನೆಮಾತು ತಮಿಳಿನ ಬಳಗದ್ದು. ತಲೆಮಾರುಗಳ ಅಲೆದಾಟದಲ್ಲಿ ತೆಲುಗು, ಕನ್ನಡಗಳನ್ನು ಮೈಗೂಡಿಸಿಕೊಂಡದ್ದು. 1906ರಲ್ಲಿ ಬಂದ ಗ್ರಿಯರ್‌ಸನ್ನನ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ ಇದನ್ನು ತಮಿಳಿನ ಉಪಭಾಷೆಗಳ ಸಾಲಿನಲ್ಲಿ ಇಟ್ಟು ವಿವರಿಸಿತ್ತು. ಕಾಯಿದೆ ಬಂದದ್ದು ಅದಾದ ಐದು ವರ್ಷಕ್ಕೆ. ಸರಕಾರದ ಒಂದು ಕೈ ಭಾಷೆಯೆಂದು ಬರೆದಿಟ್ಟದ್ದನ್ನು ಇನ್ನೊಂದು ಕೈ ಓದಲಿಲ್ಲ.

ಹಾಗಾದರೆ ಕಳ್ಳಮಾತಿಗೂ ಮನೆಮಾತಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ನನಗೆ ತೋಚಿದ ಒರೆಗಲ್ಲು ಸರಳವಾದದ್ದು. ಕಳ್ಳಮಾತಿನಲ್ಲಿ ಕಸುಬಿನ ಪದಗಳಷ್ಟೇ ಇರುತ್ತವೆ: ಪೊಲೀಸ್, ಹಣ, ಆಯುಧ, ಪಾಲು, ಓಡು. ಅದರಲ್ಲಿ ಅಜ್ಜಿಗೆ ಪದವಿಲ್ಲ, ಮಳೆಗೆ ಪದವಿಲ್ಲ, ಮಗುವಿನ ಜ್ವರಕ್ಕೆ ಪದವಿಲ್ಲ. ಅವುಗಳಿಗೆಲ್ಲ ಊರಿನ ಭಾಷೆಯನ್ನೇ ಸಾಲ ಪಡೆಯಬೇಕು. ಯಾವ ಮಾತಿನಲ್ಲಿ ತೊಟ್ಟಿಲು ತೂಗಬಹುದೋ ಅದು ಕಳ್ಳಮಾತಲ್ಲ. ಇನ್ನೊಂದು ಗುರುತೂ ಇದೆ: ಪೊಲೀಸರಿಗೆ ತಿಳಿದ ಕೂಡಲೇ ಕಳ್ಳಮಾತು ಸಾಯುತ್ತದೆ, ಅದರ ಜಾಗಕ್ಕೆ ಬೇರೆ ಪದ ಬರುತ್ತದೆ. ಆದ್ದರಿಂದ ಅಚ್ಚಾದ ನಿಘಂಟು ಯಾವಾಗಲೂ ಹಳಸಿದ್ದು. ಸ್ಲೀಮನ್ನನ ನಿಘಂಟಿಗೆ ಮತ್ತೊಂದು ಮಿತಿಯೂ ಇತ್ತು. ಅದಕ್ಕೆ ಪದ ಒದಗಿಸಿದವರು ಮಾಫಿ ಸಾಕ್ಷಿಗಳು, ಅಂದರೆ ಅಧಿಕಾರಿಯನ್ನು ಮೆಚ್ಚಿಸಿದರಷ್ಟೇ ಕೊರಳು ಉಳಿಸಿಕೊಳ್ಳಬಹುದಾದ ಕೈದಿಗಳು.

ಕೊರಚರು ತಮ್ಮ ಮಾತನ್ನು ಮರೆಗಾಗಿ ಬಳಸಲೇ ಇಲ್ಲವೆಂದು ನಾನು ಹೇಳಲಾರೆ. ಅವರಲ್ಲಿ ಕಳ್ಳರೂ ಇದ್ದರು, ಎಲ್ಲ ಜಾತಿಗಳಲ್ಲಿ ಇರುವಂತೆ. ಪೇದೆಯ ಎದುರು, ಅಂಗಡಿಯವನ ಎದುರು ಮನೆಮಾತಿಗೆ ಹೊರಳಿದ್ದಾರೆ. ಆದರೆ ಬಟ್ಟೆ ಅಂಗಡಿಯಲ್ಲಿ ಬೆಲೆ ಕಟ್ಟುವಾಗ ನಾವು ಮಾಡುವುದೂ ಅದನ್ನೇ ಅಲ್ಲವೇ? ದನದ ಸಂತೆಯಲ್ಲಿ ದಲ್ಲಾಳಿಗಳು ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಅದಕ್ಕೆ ನಾವು ಜಾಣತನ ಎನ್ನುತ್ತೇವೆ. ಬುಟ್ಟಿ ಹೆಣೆಯುವವನ ಮಾತಿಗೆ ಮಾತ್ರ ಕಳ್ಳಮಾತು ಎಂದೆವು.

ಮದರಾಸಿನಲ್ಲಿ ಆ ಕಾಯಿದೆ ರದ್ದಾದದ್ದು 1947ರಲ್ಲಿ, ದೇಶದಲ್ಲೆಲ್ಲ 1952ರ ಆಗಸ್ಟ್ 31ರಂದು. ಗಡಿಯ ಈಚೆ ಕೊರಚರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ, ಆಚೆ ಎರುಕಲರು ಆಂಧ್ರದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ.

ಕೆಲವು ವರ್ಷಗಳ ಹಿಂದೆ ರಾಯದುರ್ಗಕ್ಕೆ ಹೋದಾಗ ಬುಟ್ಟಿ ಮಾರುವ ಒಬ್ಬ ಮುದುಕಿಯೊಡನೆ ಮಾತಾಡಿದೆ. ಆಕೆ ನನ್ನೊಡನೆ ಕನ್ನಡದಲ್ಲಿ, ಪಕ್ಕದ ಅಂಗಡಿಯವನೊಡನೆ ತೆಲುಗಿನಲ್ಲಿ ಸಲೀಸಾಗಿ ಮಾತಾಡಿದಳು. "ಮನೆಯಲ್ಲಿ ಯಾವ ಮಾತಮ್ಮ?" ಎಂದೆ. ಆಕೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಅದ್ಯಾಕ್ ಕೇಳ್ತೀರಿ ಸಾಮಿ. ಮೊಮ್ಮಕ್ಳು ಇಸ್ಕೂಲಿಗೆ ಹೋಗ್ತಾವೆ, ಅವಕ್ಕೆ ಕಲಿಸಿಲ್ಲ. ಆ ಮಾತಾಡಿದ್ರೆ ಜನ ಕೈಚೀಲ ಬಿಗಿಯಾಗಿ ಹಿಡ್ಕೋತಾರೆ."

ನಮ್ಮ ಮಕ್ಕಳಿಗೆ ಕನ್ನಡ ಶಾಲೆ ಉಳಿಯಬೇಕು, ಕಚೇರಿಯಲ್ಲಿ ಕನ್ನಡದ ಅರ್ಜಿ ಸಲ್ಲಬೇಕು ಎಂದು ಗಡಿನಾಡಿನ ನಾವು ಎಷ್ಟೋ ಸಭೆಗಳಲ್ಲಿ ಕೂತಿದ್ದೇವೆ. ಬಹುಸಂಖ್ಯಾತರ ನಡುವೆ ಮನೆಮಾತನ್ನು ತಗ್ಗಿದ ದನಿಯಲ್ಲಿ ಆಡುವುದು ಹೇಗಿರುತ್ತದೆಂದು ನಮಗೆ ಗೊತ್ತು. ಹಾಗಿದ್ದೂ ನನ್ನ ಅಜ್ಜ ನನ್ನ ರಟ್ಟೆ ಹಿಡಿದು ಎಳೆದರು, ನಾನೂ ಬಹಳ ವರ್ಷ ಅವರ ಮಾತನ್ನೇ ನಂಬಿದ್ದೆ. ಆ ಮುದುಕಿಯಿಂದ ಒಂದು ಬುಟ್ಟಿ ಕೊಂಡೆ. ಏಳುವಾಗ, ಕಾಸರಗೋಡಿನಲ್ಲಿ ಕಲಿತ ಮಲಯಾಳದ ಧೈರ್ಯದ ಮೇಲೆ, "ಕೊಂಚ ತಣ್ಣಿ" ಎಂದು ಕೇಳಿದೆ. ಆಕೆ ಬೆಚ್ಚಿ ನನ್ನ ಮುಖ ನೋಡಿದಳು. ಆಮೇಲೆ ನಕ್ಕು, ಸೆರಗಿನ ಮರೆಯಲ್ಲಿದ್ದ ಚೆಂಬನ್ನು ನನ್ನತ್ತ ಚಾಚಿದಳು.